250 ಪದಗಳಲ್ಲಿ ಯಾವುದನ್ನು ಉಳಿಸಬೇಕು?

2020ರ ಜೂನ್ 16ರಂದು ಬ್ರಿಟನ್ನಿನಿಂದ ಬಂದ ಒಂದು ಸುದ್ದಿ ಹಲವರಿಗೆ ಇನ್ನೂ ನೆನಪಿರಬಹುದು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ಔಷಧ ಕೋವಿಡ್ ರೋಗಿಗಳ ಸಾವನ್ನು ಕಡಿಮೆ ಮಾಡುತ್ತದೆ ಎಂದು ಅಂದು ಗೊತ್ತಾಯಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ಮುಂದಾಳತ್ವದಲ್ಲಿ ನಡೆಯುತ್ತಿದ್ದ ‘ರಿಕವರಿ’ ಪ್ರಯೋಗದ ಫಲಿತಾಂಶ ಅದು. ಮುಂದೆ ಅದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಬಂಧವಾಗಿ ಬಂತು. ಪ್ರಬಂಧದ ನೆತ್ತಿಯ ಮೇಲೆ, ಎಲ್ಲ ವೈದ್ಯಕೀಯ ಪ್ರಬಂಧಗಳಿಗೂ ಇರುವಂತೆ, ಒಂದು ಸಾರಾಂಶವಿತ್ತು. ಆ ಪತ್ರಿಕೆ ಸಾರಾಂಶಕ್ಕೆ ಹಾಕುವ ಮಿತಿ 250 ಪದ. ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಕಥೆ ಅಷ್ಟರ ಆಸುಪಾಸಿನಲ್ಲೇ ಮುಗಿಯಬೇಕು.

ಇದನ್ನು ಬರೀ ಕಾಗದ ಉಳಿಸುವ ಲೆಕ್ಕ ಎಂದುಕೊಳ್ಳಬೇಡಿ. ಪೂರ್ತಿ ಪ್ರಬಂಧ ಓದಲು ಎಷ್ಟೋ ಸಲ ಹಣ ಕಟ್ಟಬೇಕು. ಪಬ್‌ಮೆಡ್‌ನಲ್ಲಿ ಸಾರಾಂಶ ಮಾತ್ರ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ರಾತ್ರಿ ಪಾಳಿಯಲ್ಲಿರುವ ತಾಲ್ಲೂಕು ಆಸ್ಪತ್ರೆಯ ವೈದ್ಯರು ಮೊಬೈಲಿನಲ್ಲಿ ತೆರೆದು ನೋಡುವುದು ಅದನ್ನೇ. ಎದುರಿಗೆ ಮಲಗಿರುವ ರೋಗಿಗೆ ಔಷಧ ಕೊಡಬೇಕೋ ಬೇಡವೋ ಎಂಬ ತೀರ್ಮಾನ ಅನೇಕ ಸಲ ಅದರ ಮೇಲೆಯೇ ನಿಂತಿರುತ್ತದೆ.

ಮೊದಲು ಈ ಸಾರಾಂಶಗಳು ಒಂದೇ ಪ್ಯಾರಾದಲ್ಲಿ, ಲೇಖಕರಿಗೆ ತೋಚಿದಂತೆ ಇರುತ್ತಿದ್ದವು. ಎಷ್ಟು ರೋಗಿಗಳು, ಏನನ್ನು ಅಳೆದರು ಎಂಬುದೇ ಕೆಲವೊಮ್ಮೆ ಸಿಗುತ್ತಿರಲಿಲ್ಲ. 1987ರಲ್ಲಿ ಕೆನಡಾದ ಬ್ರಯಾನ್ ಹೇನ್ಸ್ ಮತ್ತವರ ಜೊತೆಗಾರರು ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯ ಮೂಲಕ ಹೊಸ ಪದ್ಧತಿಯೊಂದನ್ನು ಮುಂದಿಟ್ಟರು. ಸಾರಾಂಶಕ್ಕೆ ಗೊತ್ತಾದ ಉಪಶೀರ್ಷಿಕೆಗಳಿರಲಿ, ಪ್ರತಿಯೊಂದರ ಕೆಳಗೂ ಅದಕ್ಕೆ ಸಲ್ಲುವ ಮಾಹಿತಿ ಇರಲೇಬೇಕು ಎಂಬುದು ಅವರ ಸಲಹೆ. ಈಗ ಹಿನ್ನೆಲೆ, ವಿಧಾನ, ಫಲಿತಾಂಶ, ನಿರ್ಣಯ ಎಂಬ ನಾಲ್ಕು ಭಾಗಗಳು ರೂಢಿಯಾಗಿವೆ. ‘ಜಾಮಾ’ದಂಥ ಪತ್ರಿಕೆ ಇನ್ನಷ್ಟು ಭಾಗ ಮಾಡಿ 350 ಪದಗಳವರೆಗೆ ಬಿಡುತ್ತದೆ. ಮಿತಿ ಮೀರಿದರೆ ಆಗ ಏನಾಗುತ್ತಿತ್ತು ಎನ್ನುವುದಕ್ಕೆ ಪಬ್‌ಮೆಡ್‌ನಲ್ಲಿ ಈಗಲೂ ಸಾಕ್ಷಿ ಇದೆ. ಹಳೆಯ ಸಾರಾಂಶಗಳು ಕೆಲವು ಅರ್ಧಕ್ಕೇ ನಿಂತು, ಕೊನೆಗೆ `(ABSTRACT TRUNCATED AT 250 WORDS)` ಎಂದು ತೋರಿಸುತ್ತವೆ. ಕತ್ತರಿ ಬಿದ್ದದ್ದು ಕೊನೆಗೆ. ಅಂದರೆ ಹೋದದ್ದು ನಿರ್ಣಯ.

ರಿಕವರಿ ಸಾರಾಂಶದಲ್ಲಿ ಜಾಗ ಹೇಗೆ ಹಂಚಿಕೆಯಾಗಿದೆ ನೋಡಿ. ಹಿನ್ನೆಲೆಗೆ ಎರಡೇ ವಾಕ್ಯ. ಕೋವಿಡ್ ಶ್ವಾಸಕೋಶವನ್ನು ಹಾಳುಮಾಡುತ್ತದೆ, ಸ್ಟೀರಾಯ್ಡ್ ಉರಿಯೂತ ತಗ್ಗಿಸಿ ಆ ಹಾನಿಯನ್ನು ತಡೆಯಬಹುದು, ಅಷ್ಟೆ. ವುಹಾನ್‌ನಿಂದ ಕಥೆ ಶುರುವಾಗುವುದಿಲ್ಲ, ಜಗತ್ತಿನಲ್ಲಿ ಎಷ್ಟು ಮಂದಿಗೆ ಸೋಂಕು ತಗುಲಿದೆ ಎಂಬ ಅಂಕಿಯೂ ಇಲ್ಲ. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ತರುವ ಕರಡುಗಳಲ್ಲಿ ಹೆಚ್ಚು ಪದ ಪೋಲಾಗುವುದು ಇಲ್ಲಿಯೇ. ಮಧುಮೇಹದ ಬಗ್ಗೆ ಬರೆಯುತ್ತಿದ್ದರೆ ಮಧುಮೇಹ ಜಗತ್ತಿಗೇ ದೊಡ್ಡ ಸಮಸ್ಯೆ ಎಂದು ಹೇಳಿಯೇ ಮುಂದೆ ಹೋಗಬೇಕು ಎಂದು ಅವರಿಗೆ ಅನಿಸುತ್ತದೆ. ಅದನ್ನು ಓದುವವರಿಗೆ ಅದು ಮೊದಲೇ ಗೊತ್ತು.

ವಿಧಾನಕ್ಕೆ ಮೂರು ಚಿಕ್ಕ ವಾಕ್ಯ. ರೋಗಿಗಳು ಆಸ್ಪತ್ರೆಗೆ ದಾಖಲಾದವರು. ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧಾರವಾಯಿತು. ಔಷಧದ ಪ್ರಮಾಣ ದಿನಕ್ಕೊಮ್ಮೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಅಳೆದದ್ದು 28 ದಿನಗಳೊಳಗಿನ ಸಾವು. ಯಾರಿಗೆ ಔಷಧ ಸಿಗುತ್ತಿದೆ ಎಂಬುದು ವೈದ್ಯರಿಗೂ ರೋಗಿಗೂ ಗೊತ್ತಿದ್ದ ಪ್ರಯೋಗ ಇದು ಎಂಬುದನ್ನೂ ಅಲ್ಲೇ ಹೇಳಿದ್ದಾರೆ. ಇದು ಪ್ರಯೋಗದ ಒಂದು ಮಿತಿ, ಆದರೂ ಅದನ್ನು ಮುಚ್ಚಿಟ್ಟಿಲ್ಲ. ಬಿಟ್ಟಿರುವುದು ಯಾವುದನ್ನು? ಲೆಕ್ಕಕ್ಕೆ ಬಳಸಿದ ಸಾಫ್ಟ್‌ವೇರಿನ ಹೆಸರು, ಎಥಿಕ್ಸ್ ಸಮಿತಿಯ ಅನುಮತಿಯ ವಿವರ. ಇವೆಲ್ಲ ಪ್ರಬಂಧದ ಒಳಗಿದ್ದರೆ ಸಾಕು. ಔಷಧದ ಪ್ರಮಾಣ ಮಾತ್ರ ಸಾರಾಂಶದಲ್ಲಿ ಇರಲೇಬೇಕು. 6 ಮಿಲಿಗ್ರಾಂ ಎಂಬುದು ಇಲ್ಲದಿದ್ದರೆ ‘ಸ್ಟೀರಾಯ್ಡ್ ಒಳ್ಳೆಯದು’ ಎಂಬ ಮಾತಷ್ಟೇ ಉಳಿಯುತ್ತದೆ, ಎಷ್ಟು ಕೊಡಬೇಕೆಂಬುದು ಓದಿದವರ ಊಹೆಗೆ ಬಿಟ್ಟದ್ದಾಗುತ್ತದೆ.

ಅರ್ಧಕ್ಕಿಂತ ಹೆಚ್ಚು ಜಾಗ ಪಡೆದಿರುವುದು ಫಲಿತಾಂಶ. ಹೀಗೆಯೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಹೀಗಿರುತ್ತದೆ: ‘ಎರಡು ಗುಂಪುಗಳ ನಡುವೆ ಸಾವಿನ ಪ್ರಮಾಣದಲ್ಲಿ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಮನಾರ್ಹ ವ್ಯತ್ಯಾಸ ಕಂಡುಬಂತು (P<0.001).’ ಯಾವ ಗುಂಪಿನಲ್ಲಿ ಕಡಿಮೆ ಸಾವು, ಎಷ್ಟು ಕಡಿಮೆ ಎಂಬ ಎರಡೂ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ರಿಕವರಿಯ ಸಾರಾಂಶ ಕೊಡುವ ಮಾಹಿತಿ ಬೇರೆ ತರಹದ್ದು. ಡೆಕ್ಸಾಮೆಥಾಸೋನ್ ಪಡೆದ 2104 ಜನರಲ್ಲಿ 482 ಮಂದಿ, ಅಂದರೆ 22.9% ತೀರಿಕೊಂಡರು. ಮಾಮೂಲಿ ಚಿಕಿತ್ಸೆ ಪಡೆದ 4321 ಜನರಲ್ಲಿ 1110 ಮಂದಿ, ಅಂದರೆ 25.7%. ಇದರ ಪಕ್ಕದಲ್ಲಿ ವಯಸ್ಸಿಗೆ ಸರಿಹೊಂದಿಸಿದ ಅನುಪಾತ 0.83. ಅನುಪಾತವೊಂದನ್ನೇ ಕೊಟ್ಟಿದ್ದರೆ ‘ಸಾವು 17% ಕಡಿಮೆಯಾಯಿತು’ ಎಂದು ಓದಿಕೊಂಡು ದೊಡ್ಡ ಗೆಲುವೆಂದು ಭಾವಿಸಬಹುದಿತ್ತು. ಎರಡೂ ಗುಂಪಿನ ಅಂಕಿ ಇರುವುದರಿಂದ, ನೂರು ರೋಗಿಗಳಿಗೆ ಕೊಟ್ಟರೆ ಸುಮಾರು ಮೂರು ಜೀವ ಉಳಿಯುತ್ತದೆ ಎಂದು ಯಾರಾದರೂ ಬೆರಳೆಣಿಸಿ ಹೇಳಬಹುದು. ಪದ ಎಣಿಸುವಾಗ ಒಂದೊಂದು ಅಂಕಿಯೂ ಒಂದೊಂದು ಪದವೇ, ಹಾಗಾಗಿ ಈ ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ. ಅದಕ್ಕೆ ಬೇಕಾದ ಜಾಗವನ್ನು ಹಿನ್ನೆಲೆಯಿಂದ ಕಸಿದುಕೊಳ್ಳಬೇಕು.

ಇಷ್ಟಾದ ಮೇಲೆ ಬರುವುದೇ ಈ ಸಾರಾಂಶದ ಅತ್ಯಂತ ಕಷ್ಟದ ತೀರ್ಮಾನ. ರೋಗಿಗಳನ್ನು ಅವರಿಗೆ ಬೇಕಾಗಿದ್ದ ಉಸಿರಾಟದ ನೆರವಿಗೆ ತಕ್ಕಂತೆ ಮೂರು ಗುಂಪು ಮಾಡಿ ನೋಡಿದಾಗ ಚಿತ್ರ ಬೇರೆಯಾಗಿತ್ತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು 41.4%ರಿಂದ 29.3%ಕ್ಕೆ ಇಳಿದಿತ್ತು. ಬರೀ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 26.2%ರಿಂದ 23.3%ಕ್ಕೆ. ಆಕ್ಸಿಜನ್ನೇ ಬೇಕಾಗದವರಲ್ಲಿ ಮಾತ್ರ ಔಷಧ ಪಡೆದವರ ಸಾವು 17.8%, ಪಡೆಯದವರದು 14.0%. ಈ ಕೊನೆಯ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದು, ಹಾಗಾಗಿ ಔಷಧ ಅವರಿಗೆ ಕೆಡುಕು ಮಾಡಿತೆಂದು ಹೇಳಲಾಗದು. ಒಳ್ಳೆಯದಾಯಿತೆಂದಂತೂ ಹೇಳಲು ಸಾಧ್ಯವೇ ಇಲ್ಲ.

ಉಪಗುಂಪುಗಳ ಲೆಕ್ಕವನ್ನು ಸಾರಾಂಶಕ್ಕೆ ತರಬೇಡಿ ಎಂಬುದು ಸಾಮಾನ್ಯ ನಿಯಮ. ಅದು ಒಳ್ಳೆಯ ನಿಯಮವೂ ಹೌದು. ರೋಗಿಗಳನ್ನು ಹತ್ತಾರು ರೀತಿ ಒಡೆದು ನೋಡಿದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ಚೆಂದದ ಅಂಕಿ ಸಿಕ್ಕೇ ಸಿಗುತ್ತದೆ, ಅದನ್ನೇ ಎತ್ತಿ ತೋರಿಸುವ ಆಸೆ ಹುಟ್ಟುತ್ತದೆ. ಆದರೆ ಇಲ್ಲಿ ಈ ಮೂರು ಗುಂಪುಗಳನ್ನು ಫಲಿತಾಂಶ ಕೈಗೆ ಬರುವ ಮೊದಲೇ ಗೊತ್ತು ಮಾಡಿಕೊಂಡಿದ್ದರು. ಕಾಯಿಲೆ ತೀವ್ರವಾದಷ್ಟೂ ಔಷಧದ ಲಾಭ ಹೆಚ್ಚುತ್ತಾ ಹೋಗುವುದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಗೆ ಆಕ್ಸಿಜನ್ ಬೇಕೋ ಬೇಡವೋ ಎಂಬುದು ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ತಕ್ಷಣ ಗೊತ್ತಾಗುವ ವಿಷಯ. ಅವರ ತೀರ್ಮಾನ ಅದರ ಮೇಲೇ ತಿರುಗುವುದರಿಂದ ನಿಯಮ ಇಲ್ಲಿ ದಾರಿ ಬಿಡಲೇಬೇಕಿತ್ತು.

ಪದಗಳು ಸಾಲದೆ ಯಾರಾದರೂ ಇದನ್ನು ತೆಗೆದುಹಾಕಿದ್ದರೆ ನಿರ್ಣಯ ಹೀಗಾಗುತ್ತಿತ್ತು: ‘ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ಕಡಿಮೆ ಮಾಡುತ್ತದೆ.’ ಇದರಲ್ಲಿ ಸುಳ್ಳೇನೂ ಇಲ್ಲ, ಒಟ್ಟು ಅಂಕಿಗಳು ಹೇಳುವುದು ಅದನ್ನೇ. ಆದರೂ ಅದು ಅಪಾಯದ ವಾಕ್ಯ. ಪ್ರಕಟವಾದ ನಿರ್ಣಯವೂ ಒಂದೇ ವಾಕ್ಯದ್ದು. ವೆಂಟಿಲೇಟರ್ ಅಥವಾ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಸಾವು ಕಡಿಮೆಯಾಯಿತು, ಉಸಿರಾಟದ ನೆರವು ಇಲ್ಲದವರಲ್ಲಿ ಆಗಲಿಲ್ಲ ಎಂದು ಅದು ಹೇಳುತ್ತದೆ. ಆ ಕೊನೆಯ ತುಂಡಿಗೆ ಖರ್ಚಾದದ್ದು ಬೆರಳೆಣಿಕೆಯ ಪದಗಳು. 2021ರ ಎರಡನೆಯ ಅಲೆಯಲ್ಲಿ ನಮ್ಮ ದೇಶದಲ್ಲಿ, ಕರ್ನಾಟಕದಲ್ಲೂ, ಆಕ್ಸಿಜನ್ ಮಟ್ಟ ಸರಿಯಾಗಿದ್ದವರು ಮನೆಯಲ್ಲೇ ಸ್ಟೀರಾಯ್ಡ್ ನುಂಗಿದ ಪ್ರಸಂಗಗಳು ಕಡಿಮೆಯೇನಲ್ಲ. ಮಧುಮೇಹ ಮತ್ತು ಸ್ಟೀರಾಯ್ಡಿನ ಅತಿಬಳಕೆ ಕಪ್ಪು ಶಿಲೀಂಧ್ರಕ್ಕೆ ದಾರಿ ಮಾಡಿಕೊಡುತ್ತವೆ ಎಂದು ತಜ್ಞರು ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಸಾರಾಂಶ ಬರೆದವರು ಎಚ್ಚರಿಕೆಯ ಮಾತನ್ನು ಅಲ್ಲೇ ಇಟ್ಟಿದ್ದರು. ಅದು ಬಾಯಿಂದ ಬಾಯಿಗೆ, ವಾಟ್ಸ್‌ಆ್ಯಪ್‌ನಿಂದ ವಾಟ್ಸ್‌ಆ್ಯಪ್‌ಗೆ ಹೋಗುವಾಗ ಉದುರಿಹೋಯಿತು.

ಹಾಗಾಗಿ ಬರೆಯುವ ಕ್ರಮವನ್ನೇ ತಿರುಗಿಸಿಕೊಳ್ಳುವುದು ಮೇಲು. ಮೊದಲ ಪದದಿಂದ ಶುರುಮಾಡಿ ಇಳಿದು ಬಂದರೆ ಕೊನೆಯಲ್ಲಿ ಜಾಗ ಸಾಲದೆ ನಿರ್ಣಯ ಸೊರಗುತ್ತದೆ. ಮೊದಲು ಬರೆಯಬೇಕಾದದ್ದು ಮುಖ್ಯ ಫಲಿತಾಂಶದ ವಾಕ್ಯ, ಎರಡೂ ಗುಂಪುಗಳ ಅಂಕಿಗಳ ಸಮೇತ. ಆಮೇಲೆ ನಿರ್ಣಯ, ಆ ಫಲಿತಾಂಶ ಹೊರಬಲ್ಲಷ್ಟೇ ಭಾರದ್ದು. ಅನಂತರ, ಆ ಎರಡನ್ನು ಅರ್ಥ ಮಾಡಿಕೊಳ್ಳಲು ಬೇಕಾದಷ್ಟು ವಿಧಾನ. ಮಿಕ್ಕ ಪದಗಳಲ್ಲಿ ಹಿನ್ನೆಲೆ. ಇನ್ನೂ ಉದ್ದವಾಯಿತು ಎಂದರೆ ‘ಹೆಚ್ಚಿನ ಸಂಶೋಧನೆ ಅಗತ್ಯ’ ಎಂಬ ಸಾಲು ಮೊದಲು ಹೋಗಲಿ.

ಮುಖ್ಯ ಫಲಿತಾಂಶವೇ ಕೈಕೊಟ್ಟಾಗ ಈ ಕ್ರಮದ ಬೆಲೆ ಗೊತ್ತಾಗುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂದಾದರೆ, ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿ ಬೇರೆ ಯಾವುದೋ ಸಣ್ಣ ಅಳತೆಯಲ್ಲಿ ಕಂಡ ಸುಧಾರಣೆಯನ್ನು ನಿರ್ಣಯಕ್ಕೆ ತರುವ ಚಾಳಿ ಇದೆ. ಇಸಬೆಲ್ ಬೂತ್ರೋ ಮತ್ತವರ ತಂಡ ಮುಖ್ಯ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣದ 72 ಪ್ರಯೋಗಗಳ ಪ್ರಬಂಧಗಳನ್ನು ಪರಿಶೀಲಿಸಿ 2010ರಲ್ಲಿ ‘ಜಾಮಾ’ದಲ್ಲಿ ವರದಿ ಮಾಡಿತು. ಅರ್ಧಕ್ಕಿಂತ ಹೆಚ್ಚಿನವುಗಳ ಸಾರಾಂಶದ ನಿರ್ಣಯ ಹೀಗೆ ಬಣ್ಣ ಬಳಿದುಕೊಂಡಿತ್ತು. ಓದುಗರು ಇದನ್ನು ಪತ್ತೆ ಮಾಡುವ ದಾರಿ ಸರಳ. ವಿಧಾನದಲ್ಲಿ ಏನನ್ನು ಅಳೆಯುತ್ತೇವೆ ಎಂದಿದ್ದಾರೋ ಅದೇ ನಿರ್ಣಯದಲ್ಲಿ ಇದೆಯೇ ಎಂದು ನೋಡಿದರೆ ಸಾಕು. ವಿಧಾನದಲ್ಲಿ ಸಾವು, ನಿರ್ಣಯದಲ್ಲಿ ಜ್ವರ ಇಳಿದ ಸಂತೋಷ ಕಂಡರೆ ಪೂರ್ತಿ ಪ್ರಬಂಧ ತೆರೆಯಬೇಕು.

ಕಡೆಗೆ ಉಳಿಯುವುದು ಅಂಕಿಗಳ ತಾಳೆ. 1999ರಲ್ಲಿ ‘ಜಾಮಾ’ದಲ್ಲೇ ಬಂದ ಒಂದು ಪರಿಶೀಲನೆ ಆರು ವೈದ್ಯಕೀಯ ಪತ್ರಿಕೆಗಳ ಸಾರಾಂಶಗಳನ್ನು ಅವುಗಳ ಪ್ರಬಂಧಗಳ ಜೊತೆ ಹೋಲಿಸಿತ್ತು. ಪ್ರಬಂಧದೊಂದಿಗೆ ಹೊಂದದ, ಅಥವಾ ಪ್ರಬಂಧದಲ್ಲಿ ಇಲ್ಲವೇ ಇಲ್ಲದ ಮಾಹಿತಿಯುಳ್ಳ ಸಾರಾಂಶಗಳು ಪತ್ರಿಕೆಯಿಂದ ಪತ್ರಿಕೆಗೆ 18%ರಿಂದ 68%ವರೆಗೆ ಇದ್ದವು. ಇದಕ್ಕೆಲ್ಲ ಮೋಸವೇ ಕಾರಣ ಎನ್ನಬೇಕಿಲ್ಲ. ಕೋಷ್ಟಕಗಳನ್ನು ತಿದ್ದಿದ ಮೇಲೆ ಸಾರಾಂಶವನ್ನು ತಿದ್ದಲು ಮರೆತರೂ ಹೀಗಾಗುತ್ತದೆ. ಸಾರಾಂಶವನ್ನು ಮುದ್ರಿಸಿಕೊಂಡು, ಪ್ರತಿ ಅಂಕಿಯನ್ನೂ ಕೋಷ್ಟಕದಲ್ಲಿ ಹುಡುಕಿ ಪೆನ್ಸಿಲ್‌ನಲ್ಲಿ ಟಿಕ್ ಹಾಕಬೇಕು. ಈ ಕೆಲಸ ಬರೆದವರೇ ಮಾಡುವುದಕ್ಕಿಂತ ಸಹಲೇಖಕರಲ್ಲಿ ಇನ್ನೊಬ್ಬರು ಮಾಡಿದರೆ ಒಳ್ಳೆಯದು. ರಿಕವರಿಯ ಲೇಖಕರಿಗೂ ಈ ಕೆಲಸ ತಪ್ಪಲಿಲ್ಲ. 2020ರ ಜೂನ್‌ನಲ್ಲಿ ಅವರು ಅಂತರ್ಜಾಲದಲ್ಲಿ ಹಾಕಿದ ಮೊದಲ ಕರಡಿನಲ್ಲಿ ಸಾವುಗಳ ಸಂಖ್ಯೆ 454 ಮತ್ತು 1065 ಇತ್ತು. ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಅವು 482 ಮತ್ತು 1110 ಆಗಿದ್ದವು, ಜೊತೆಗೆ ಶೇಕಡಾವಾರು ಅಂಕಿಗಳೂ ಬದಲಾಗಿದ್ದವು. ಬದಲಾಗದೆ ಉಳಿದದ್ದು 0.83 ಎಂಬ ಅನುಪಾತ.