ಹುಣ್ಣಿಲ್ಲದ ಬೆನ್ನು

(ಮೇ 12ರ ನರ್ಸ್ ದಿನ, ನಾಗಸಂದ್ರದ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಿರಿಯ ನರ್ಸ್ ಒಬ್ಬರು ಆಡಿದ ಮಾತು)

ಮಕ್ಕಳೇ, ಇವತ್ತು ನಿಮಗೆ ಹೂವು ಕೊಡ್ತಾರೆ. ನಾನು ಒಂದು ಬೆನ್ನಿನ ಕಥೆ ಹೇಳ್ತೀನಿ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲೇ ಅವರ ಮೇಲೆ ಹಲ್ಲೆಯಾಯ್ತು. ಮಿದುಳಿಗೆ ಪೆಟ್ಟಾಗಿ ಮತ್ತೆ ಏಳಲೇ ಇಲ್ಲ. 2015ರಲ್ಲಿ ತೀರಿಕೊಳ್ಳೋ ತನಕ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. 2011ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ವೈದ್ಯರು ಪರೀಕ್ಷಿಸಿದಾಗ ಮೈಮೇಲೆ ಒಂದೂ ಬೆಡ್‌ಸೋರ್ ಇರಲಿಲ್ಲ.

ಅದು ಪವಾಡವಲ್ಲ. ಅಲುಗಾಡದವರ ಹಿಮ್ಮಡಿ, ಸೊಂಟದ ಮೂಳೆ ಹಾಸಿಗೆಗೆ ಒತ್ತಿ ಅಲ್ಲಿ ರಕ್ತ ಓಡಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೀಬೇಡಿ, ಚರ್ಮ ಉಜ್ಜುತ್ತೆ. ಇಬ್ಬರು ಸೇರಿ ಎತ್ತಿ. ಕೆಂಪಾದ ಜಾಗ ಬೆರಳಲ್ಲಿ ಒತ್ತಿ ನೋಡಿ. ಬಿಟ್ಟಾಗ ಬಿಳಿಚದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಲ್ಲ. ಬಿಸಿ, ಗಟ್ಟಿತನ ಮುಟ್ಟಿ ತಿಳೀಬೇಕು.

ಮುಟ್ಟೋ ಮೊದಲು ಪರದೆ ಎಳೆಯಿರಿ. ಹೆಸರು ಹಿಡಿದು, "ಅಮ್ಮಾ, ಮಗ್ಗುಲು ತಿರುಗಿಸ್ತೀನಿ" ಅನ್ನಿ. ಉತ್ತರ ಬರದೇ ಇದ್ದರೂ ಅನ್ನಿ. ಅವರ ಮರ್ಯಾದೆ, ನಿಮ್ಮ ಕೆಲಸದ ಮರ್ಯಾದೆ ಎರಡೂ ಆ ಪರದೆಯೊಳಗೇ ಇರೋದು.