ಮಧ್ಯಾಹ್ನ ಸೋಲುತ್ತಿದ್ದ ಯಂತ್ರ

ಉಯ್ಯಂಬಳ್ಳಿ ಕಡೆ ಕಲ್ಲು ಕೆಲಸಕ್ಕೆ ಓಡುವ ನಮ್ಮ ಹಳೆಯ ಹಿಟಾಚಿ ಬೆಳಿಗ್ಗೆ ಗಟ್ಟಿಯಾಗಿರುತ್ತಿತ್ತು. ಮಧ್ಯಾಹ್ನ ಎರಡಾದರೆ ತುಂಬಿದ ಬಕೆಟ್ ಎತ್ತಲು ತಿಣುಕಾಡುತ್ತಿತ್ತು. ‘46 ಆಯಿಲ್ ತೆಳುವಾಗ್ತಿದೆ, 68 ಹಾಕಿಸೋಣ’ ಎಂದರು ಅಪ್ಪ. ಸಾಲದ ಕಂತು ತಲೆಯ ಮೇಲಿತ್ತು. ಪಂಪ್ ಹೋದರೆ ಗತಿಯಿರಲಿಲ್ಲ.

ಮೆಕ್ಯಾನಿಕ್ ಅಣ್ಣ ಮೊದಲು ಟ್ಯಾಂಕಿನ ಬಿಸಿ ಅಳೆದರು: 90 ಡಿಗ್ರಿ! ‘46 ಅನ್ನೋದು 40 ಡಿಗ್ರಿಯಲ್ಲಿ ಆಯಿಲ್‌ನ ದಪ್ಪ ಕಣಪ್ಪ. 90ರಲ್ಲಿ ಅದು 9ರ ಆಸುಪಾಸಿಗೆ ಇಳಿಯುತ್ತೆ. ನಿಮ್ಮ ಪಂಪ್‌ಗೆ ಕನಿಷ್ಠ 10 ಬೇಕು ಅಂತ ಪುಸ್ತಕದಲ್ಲೇ ಇದೆ’ ಎಂದರು. ಅದಕ್ಕಿಂತ ತೆಳುವಾದರೆ ಪಂಪಿನೊಳಗೆ ಉಜ್ಜುವ ಲೋಹಗಳ ನಡುವಿನ ಎಣ್ಣೆಯ ಪದರ ಹರಿದು ಸವೆತ ಶುರು. ಸವೆದ ಸಂದಿಯಲ್ಲಿ ಎಣ್ಣೆ ಹಿಂದಕ್ಕೆ ಸೋರಿ ಇನ್ನಷ್ಟು ಬಿಸಿಯಾಗುತ್ತದೆ.

‘ಹಾಗಾದ್ರೆ 68 ಹಾಕಣ್ಣ’ ಎಂದೆ. 90ರಲ್ಲಿ ಅದು 11ರಷ್ಟು ಉಳಿಯುತ್ತದಂತೆ. ಆದರೆ ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿಯಲ್ಲಿ 300ರ ಹತ್ತಿರ ಹೋಗುತ್ತದೆ. ಅಷ್ಟು ಮಂದವಾದದ್ದನ್ನು ಎಳೆಯಲಾಗದೆ ಪಂಪ್ ಜಲ್ಲಿ ಅಲ್ಲಾಡಿಸಿದಂತೆ ಸದ್ದು ಮಾಡಿದರೆ ಅದೂ ಸವೆತವೇ. ‘ಇಷ್ಟು ಬಿಸಿ ಯಾಕೆ ಅಂತ ಮೊದಲು ನೋಡು’ ಎಂದು ಆಯಿಲ್ ಕೂಲರ್ ತೋರಿಸಿದರು. ಅದರ ತುಂಬ ಕಲ್ಲಿನ ಪುಡಿ!

ಗಾಳಿ ಹೊಡೆದು ಸ್ವಚ್ಛ ಮಾಡಿದೆವು. ಬೆಂದು ಕೆಟ್ಟಿದ್ದ ಆಯಿಲ್ ಬಸಿದು ಹೊಸ 46 ತುಂಬಿಸಿ, ಫಿಲ್ಟರ್ ಬದಲಿಸಿದೆವು. ಮರುದಿನ ಮಧ್ಯಾಹ್ನ ಬಿಸಿ 70 ದಾಟಲಿಲ್ಲ. ಆ ಬಿಸಿಯಲ್ಲಿ 46 ಆಯಿಲ್ 15ರಷ್ಟು ದಪ್ಪ ಇರುತ್ತದೆ. ಬಕೆಟ್ ಮೇಲೆದ್ದಿತು. ಈಗ ಅಪ್ಪ ದಿನಾ ಸಂಜೆ ಕೂಲರ್‌ಗೆ ಗಾಳಿ ಹೊಡೆಸುತ್ತಾರೆ.