ಡಾಲರ್ ಮಸ್ಕತ್ ಬಿಟ್ಟಿತು, ಮುನವಳ್ಳಿ ಮುಟ್ಟಲಿಲ್ಲ

ನವಿಲುತೀರ್ಥದ ಸುತ್ತಮುತ್ತ ಬೆಳೆದವರಿಗೆ ವಿದೇಶದ ಹಣ ಕಾಲುವೆ ನೀರಿನಂತೆ ಹರಿದು ಬರುತ್ತದೆ ಎನ್ನಿಸುವುದು ಸಹಜ. ಅಲ್ಲಿ ಬಾಗಿಲು ಎತ್ತಿದರು, ಇಲ್ಲಿ ಬರಬೇಕು. ಬರಲಿಲ್ಲವೆಂದರೆ ನಡುವೆ ಯಾರೋ ಒಡ್ಡು ಹಾಕಿದ್ದಾರೆ. ಮಗ ಮಸ್ಕತ್ತಿನಿಂದ ಗುರುವಾರ ಡಾಲರ್ ಕಳಿಸಿ ರಸೀದಿಯ ಫೋಟೊವನ್ನು ವಾಟ್ಸಾಪ್‌ನಲ್ಲಿ ಹಾಕಿರುತ್ತಾನೆ. ಸೋಮವಾರ ತಂದೆ ಮುನವಳ್ಳಿಯ ಶಾಖೆಯಲ್ಲಿ ಪಾಸ್‌ಬುಕ್ ಹಿಡಿದು ನಿಂತರೆ ಬರುವ ಉತ್ತರ ಒಂದೇ: "ಸಿಸ್ಟಮ್‌ನ್ಯಾಗ ಏನೂ ತೋರಸಾಕತ್ತಿಲ್ರಿ, ಯಜಮಾನ್ರ." ಅಲ್ಲಿಂದ ಸಂಶಯ ಶುರುವಾಗುತ್ತದೆ: ರೊಕ್ಕವನ್ನು ಬ್ಯಾಂಕಿನವರು ಇಟ್ಟುಕೊಂಡರೇ, ರಿಸರ್ವ್ ಬ್ಯಾಂಕ್ ತಡೆಯಿತೇ, ತೆರಿಗೆಯವರು ಹಿಡಿದರೇ?

ಮೊದಲ ತಪ್ಪು ಕಲ್ಪನೆ ಈ ಹರಿವಿನದೇ. ಇಲ್ಲಿ ಏನೂ ಹರಿಯುವುದಿಲ್ಲ. ಬೆಲ್ಜಿಯಂ ದೇಶದಲ್ಲಿ ಮುಖ್ಯ ಕಚೇರಿ ಇರುವ, 1973ರಲ್ಲಿ ಶುರುವಾದ ಸ್ವಿಫ್ಟ್ ಎಂಬ ಸಂಸ್ಥೆ ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುತ್ತದೆ, ಹಣವನ್ನಲ್ಲ. ಹಣದ ಲೆಕ್ಕ ಬದಲಾಗುವುದು ಖಾತೆ ಪುಸ್ತಕಗಳಲ್ಲಿ. ನಮ್ಮ ದೊಡ್ಡ ಬ್ಯಾಂಕುಗಳು ನ್ಯೂಯಾರ್ಕ್‌ನ ಯಾವುದಾದರೂ ಬ್ಯಾಂಕಿನಲ್ಲಿ ತಮ್ಮದೊಂದು ಡಾಲರ್ ಖಾತೆ ಇಟ್ಟಿರುತ್ತವೆ. ಬ್ಯಾಂಕಿನವರ ಬಾಯಲ್ಲಿ ಅದು ನಾಸ್ಟ್ರೋ ಖಾತೆ. ಮಸ್ಕತ್ತಿನ ಬ್ಯಾಂಕಿಗೂ ಅಂಥದ್ದೇ ಒಂದು ಖಾತೆ ಇರುತ್ತದೆ, ಬಹುಪಾಲು ಇನ್ನೊಂದು ಬ್ಯಾಂಕಿನಲ್ಲಿ. ಆದ್ದರಿಂದ ಒಮಾನಿನಿಂದ ಸವದತ್ತಿ ತಾಲ್ಲೂಕಿಗೆ ಹೊರಟ ಡಾಲರಿನ ಲೆಕ್ಕ ಅಮೆರಿಕಕ್ಕೆ ಹೋಗಿ ಬರಬೇಕು. ಮಸ್ಕತ್ತಿನ ಬ್ಯಾಂಕಿನ ಖಾತೆಯಲ್ಲಿ ಖರ್ಚು, ನಮ್ಮ ಬ್ಯಾಂಕಿನ ಖಾತೆಯಲ್ಲಿ ಜಮೆ, ನಡುವೆ ಒಂದೋ ಎರಡೋ ಮಧ್ಯವರ್ತಿ ಬ್ಯಾಂಕುಗಳು. ಇಷ್ಟೆಲ್ಲ ಮುಗಿದು ನಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ ಡಾಲರನ್ನು ರೂಪಾಯಿ ಮಾಡಿದ ಮೇಲಷ್ಟೇ ಮುನವಳ್ಳಿಯ ಪರದೆಯ ಮೇಲೆ ಏನಾದರೂ ಕಾಣುತ್ತದೆ. ಶಾಖೆಯವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜಕ್ಕೂ ಕಾಣುತ್ತಿಲ್ಲ.

"ಪಕ್ಕದ ಮನಿಯವ್ರಿಗೆ ದುಬೈದಿಂದ ಹತ್ತ ಮಿನಿಟ್‌ನ್ಯಾಗ ಬಂತಲ್ಲ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಬೇರೆ ದಾರಿ. ಕೊಲ್ಲಿಯ ಎಕ್ಸ್‌ಚೇಂಜ್ ಅಂಗಡಿಗಳು ಭಾರತದ ಬ್ಯಾಂಕುಗಳಲ್ಲಿ ಮೊದಲೇ ರೂಪಾಯಿ ಖಾತೆ ಇಟ್ಟಿರುತ್ತವೆ. ಅಲ್ಲಿ ಹಣ ಕಟ್ಟಿಸಿಕೊಂಡು ಇಲ್ಲಿಯ ರೂಪಾಯಿಯನ್ನು ದೇಶದೊಳಗಿನ ವರ್ಗಾವಣೆಯಂತೆಯೇ ಹಾಕುತ್ತವೆ. ನ್ಯೂಯಾರ್ಕ್ ನಡುವೆ ಬರುವುದೇ ಇಲ್ಲ. ಮನೆ ಖರ್ಚಿಗೆ ಆ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಡವಾಯಿತೆಂದರೆ ಏನೋ ಕೆಟ್ಟಿದೆ ಎನ್ನುವುದು ಎರಡನೆಯ ಕಲ್ಪನೆ. ಕ್ಯಾಲೆಂಡರ್ ತೆಗೆದು ನೋಡಿದರೆ ಇದು ಅರ್ಧ ಕರಗುತ್ತದೆ. 2025ರ ಜೂನ್ 12, ಗುರುವಾರ ಮಧ್ಯಾಹ್ನ ಮಸ್ಕತ್ತಿನಲ್ಲಿ ಹಣ ಕಟ್ಟಿದರು ಎಂದಿಟ್ಟುಕೊಳ್ಳಿ. ಅಂದಿನ ವಿದೇಶಿ ವರ್ಗಾವಣೆಯ ಸಮಯ ಮುಗಿದಿತ್ತು. ಶುಕ್ರವಾರ, ಶನಿವಾರ ಒಮಾನಿನ ವಾರದ ರಜೆ. ಶನಿವಾರ 14, ನಮ್ಮಲ್ಲಿ ಎರಡನೇ ಶನಿವಾರ, ಬ್ಯಾಂಕ್ ಬಂದ್. ಭಾನುವಾರ ಮಸ್ಕತ್ ತೆರೆಯುತ್ತದೆ, ನ್ಯೂಯಾರ್ಕೂ ಭಾರತವೂ ಮುಚ್ಚಿರುತ್ತವೆ. ಸೋಮವಾರ ನ್ಯೂಯಾರ್ಕ್‌ನಲ್ಲಿ ಬೆಳಗಿನ ಒಂಬತ್ತು ಎಂದರೆ ನಮಗೆ ಸಂಜೆ ಆರೂವರೆ. ಯಾರೂ ತಪ್ಪು ಮಾಡದೆಯೇ ಮಂಗಳವಾರ ಬಂತು. ಹಾಗಾಗಿ ಎಣಿಸಬೇಕಾದದ್ದು ದಿನಗಳನ್ನಲ್ಲ, ಮೂರೂ ಕಡೆ ಬ್ಯಾಂಕು ತೆರೆದಿರುವ ದಿನಗಳನ್ನು. ಅಂಥ ಮೂರ್ನಾಲ್ಕು ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಆಗ ಹುಡುಕಲು ಹೊರಡಬೇಕು.

ಇನ್ನು ಕಡಿತದ ಮಾತು. "ಎರಡ ಸಾವಿರ ಡಾಲರ್ ಕಳಿಸ್ಯಾನ, ಇವ್ರು ಇಪ್ಪತ್ತೈದು ಹಿಡಕೊಂಡ್ರು" ಎಂಬ ಸಿಟ್ಟು ಹೆಚ್ಚಾಗಿ ಎದುರಿಗೆ ಕೂತ ಶಾಖೆಯವರ ಮೇಲೆ ಬೀಳುತ್ತದೆ. ಕಳಿಸುವಾಗ ತುಂಬಿದ ಫಾರ್ಮಿನಲ್ಲಿ ಒಂದು ಚಿಕ್ಕ ಆಯ್ಕೆ ಇರುತ್ತದೆ. OUR ಎಂದರೆ ಎಲ್ಲ ಶುಲ್ಕ ಕಳಿಸುವವನದು. BEN ಎಂದರೆ ಎಲ್ಲವೂ ಪಡೆಯುವವನದು. SHA ಎಂದರೆ ಕಳಿಸುವ ಬ್ಯಾಂಕಿನ ಶುಲ್ಕ ಅವನದು, ದಾರಿಯಲ್ಲಿಯದೂ ಇಲ್ಲಿಯದೂ ಪಡೆಯುವವನದು. ಏನೂ ಹೇಳದಿದ್ದರೆ ಸಾಮಾನ್ಯವಾಗಿ SHA ಆಗಿರುತ್ತದೆ. ಆಗ ಮಧ್ಯವರ್ತಿ ಬ್ಯಾಂಕ್ ತನ್ನ ಶುಲ್ಕವನ್ನು ಬೇರೆ ಕೇಳುವುದಿಲ್ಲ, ಮೊತ್ತದಲ್ಲೇ ಮುರಿದುಕೊಂಡು ಮುಂದೆ ದಾಟಿಸುತ್ತದೆ. ಆದರೆ ಹಾಗೆ ಮುರಿದುಕೊಂಡದ್ದನ್ನು ಅದು ಸಂದೇಶದಲ್ಲಿ ಬರೆಯಬೇಕು. ಬ್ಯಾಂಕಿನವರು MT103 ಎಂದು ಕರೆಯುವ ಸಂದೇಶದಲ್ಲಿ ನಮ್ಮ ಉದಾಹರಣೆಯ ಸಾಲುಗಳು ಹೀಗಿರುತ್ತವೆ:

```
:32A:250616USD1975,
:33B:USD2000,
:71A:SHA
:71F:USD15,
:71F:USD10,
```

33B ಎಂಬುದು ಹೊರಟ ಮೊತ್ತ. 32A ಎಂಬುದು ನಮ್ಮ ಬ್ಯಾಂಕಿನ ಕೈಗೆ ಬಂದ ಮೊತ್ತ ಮತ್ತು ಅದರ ತಾರೀಖು. ಎರಡು 71F ಸಾಲುಗಳೆಂದರೆ ದಾರಿಯಲ್ಲಿ ಇಬ್ಬರು ಮುರಿದುಕೊಂಡಿದ್ದಾರೆ, ಒಬ್ಬರು 15, ಇನ್ನೊಬ್ಬರು 10. 2025ರ ನವೆಂಬರಿನಿಂದ ಬ್ಯಾಂಕುಗಳು pacs.008 ಎಂಬ ಹೊಸ ಮಾದರಿಗೆ ಪೂರ್ತಿ ಬದಲಾಗಿವೆ. ಅದರಲ್ಲಿ ಇವೇ ಅಂಕಿಗಳು InstdAmt, IntrBkSttlmAmt, ChrgsInf ಎಂಬ ಹೆಸರಿನಲ್ಲಿ ಇರುತ್ತವೆ. ಹಳೆಯ ಹೆಸರು ಹೇಳಿ ಕೇಳಿದರೂ ಕೌಂಟರಿನಲ್ಲಿ ಅರ್ಥವಾಗುತ್ತದೆ. OUR ಆರಿಸಿದರೆ ಕಡಿತವೇ ಇರದು ಎಂದೂ ನಂಬಬೇಡಿ. ಡಾಲರ್ ದಾರಿಯಲ್ಲಿ ಆಗಲೂ ಕೆಲವೊಮ್ಮೆ ಮಧ್ಯವರ್ತಿ ಮುರಿದುಕೊಳ್ಳುವುದುಂಟು. ಪೂರ್ತಿ ಮೊತ್ತ ತಲುಪಿಸುವ ಖಾತರಿಯನ್ನು ಕಳಿಸುವ ಬ್ಯಾಂಕಿನಲ್ಲಿ ಬೇರೆಯಾಗಿಯೇ ಕೇಳಬೇಕು.

ಕಾಲೇಜಿನ ಫೀಯಂಥ ನಿಗದಿತ ಮೊತ್ತ ಕಟ್ಟುವುದಿದ್ದರೆ 25 ಡಾಲರ್ ದೊಡ್ಡದೇ. ಆದರೆ ಕಣ್ಣಿಗೆ ಬೀಳದ ಇನ್ನೊಂದು ಹೊಡೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಲೆಕ್ಕ ಸುಲಭವಾಗಲೆಂದು ಮಾರುಕಟ್ಟೆಯಲ್ಲಿ ಡಾಲರಿಗೆ ₹91 ಇದ್ದು, ಬ್ಯಾಂಕ್ ನಿಮ್ಮಿಂದ ಕೊಳ್ಳುವ ದರ ₹90 ಎಂದಿಟ್ಟುಕೊಳ್ಳೋಣ. 1,975 ಡಾಲರಿಗೆ ₹1,77,750 ಬಂತು. ಮಧ್ಯವರ್ತಿಗಳು ತಿಂದದ್ದು ₹2,250. ದರದ ಅಂತರದಲ್ಲಿ ಹೋದದ್ದು ₹1,975, ಇದು ಯಾವ ಸಂದೇಶದಲ್ಲೂ ಕಡಿತವೆಂದು ಬರೆದಿರುವುದಿಲ್ಲ. ವಿದೇಶದ ಹಣದ ಮೇಲೆ ಶೇ 18 ಜಿಎಸ್‌ಟಿ ಎಂಬ ಮಾತೂ ಊರಲ್ಲಿ ಓಡಾಡುತ್ತದೆ. ಶೇ 18 ನಿಜ, ಆದರೆ ಅದು ಕರೆನ್ಸಿ ಬದಲಿಸಿಕೊಟ್ಟ ಸೇವೆಗೆ ಕಾನೂನು ನಿಗದಿ ಮಾಡಿದ ಸಣ್ಣ ಮೌಲ್ಯದ ಮೇಲೆ. ಈ ಮೊತ್ತಕ್ಕೆ ಅದು ಸುಮಾರು ₹250 ಮಾತ್ರ.

ಈಗ ಹುಡುಕುವ ಕೆಲಸ. ಮೊಬೈಲಿಗೆ ಬಂದ ಯಾವುದೋ ಒಂದು ನಂಬರ್ ಸಾಕು ಎಂಬ ನಂಬಿಕೆಯಲ್ಲೇ ಹೆಚ್ಚು ದಿನಗಳು ವ್ಯರ್ಥವಾಗುತ್ತವೆ. ಮಗನ ಆ್ಯಪ್ ತೋರಿಸುವ ವಹಿವಾಟು ಸಂಖ್ಯೆ ಅವನ ಬ್ಯಾಂಕಿನ ಒಳಗಿನದು, ಅದು ಹೊರಗೆ ಯಾರಿಗೂ ಗುರುತಿಲ್ಲ. ಸಂದೇಶದಲ್ಲಿ 20 ಎಂಬ ಗುರುತಿನ ಸಾಲಿನ, ಹೆಚ್ಚೆಂದರೆ 16 ಅಕ್ಷರದ ಉಲ್ಲೇಖವೂ ಪೂರ್ತಿ ದಾರಿಗೆ ಸಾಲದು. ಬೇಕಾದದ್ದು UETR. 2018ರ ನವೆಂಬರಿನಿಂದ ಸ್ವಿಫ್ಟ್ ಮೂಲಕ ಹೋಗುವ ಪ್ರತಿ ಪಾವತಿಗೂ ಇದು ಕಡ್ಡಾಯ. ಮೊದಲ ಬ್ಯಾಂಕ್ ಇಟ್ಟ ಸಂಖ್ಯೆಯನ್ನೇ ದಾರಿಯ ಎಲ್ಲ ಬ್ಯಾಂಕುಗಳೂ ಬದಲಿಸದೆ ಮುಂದೆ ಒಯ್ಯಬೇಕು. ನೋಡಲು ಹೀಗಿರುತ್ತದೆ:

```
3f1c7a52-8d0e-4b96-a2c4-5e97d1b06f38
```

ಅಡ್ಡಗೆರೆ ಸೇರಿ 36 ಚಿಹ್ನೆ, ಐದು ಗುಂಪು, ಮೂರನೇ ಗುಂಪಿನ ಮೊದಲು 4. ಹೀಗಿಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು UETR ಅಲ್ಲ. ಮಗ ತನ್ನ ಬ್ಯಾಂಕಿನಲ್ಲಿ "UETR ಮತ್ತು ಸಂದೇಶದ ಪ್ರತಿ ಕೊಡಿ" ಎಂದು ಸ್ಪಷ್ಟವಾಗಿ ಕೇಳಬೇಕು. ಸಾಲು ಸಾಲು ಟೈಪ್ ಮಾಡಿ ಕಳಿಸುವುದಕ್ಕಿಂತ ಪಿಡಿಎಫ್ ಕಳಿಸುವುದು ಒಳ್ಳೆಯದು, ಒಂದು ಅಕ್ಷರ ತಪ್ಪಿದರೂ ಸಿಗದು. ಮುನವಳ್ಳಿಯ ಶಾಖೆಯವರಿಗೆ ಆ ಪ್ರತಿ ಕೊಟ್ಟು, ಅದನ್ನು ವಿದೇಶಿ ವಿನಿಮಯ ವಿಭಾಗಕ್ಕೆ ಇಮೇಲ್ ಮಾಡಲು ಹೇಳಿ. ಸ್ವಿಫ್ಟ್‌ನ ಪತ್ತೆ ಪರದೆ ಕಾಣುವುದು ಅವರಿಗೆ.

ಅಲ್ಲಿ ಬರುವ ಉತ್ತರ ಒಂದೆರಡು ಸಂಕೇತಗಳಲ್ಲಿ ಇರುತ್ತದೆ, ಮುಂದೆ ಯಾರನ್ನು ಹಿಡಿಯಬೇಕೆಂದು ಅದೇ ಹೇಳುತ್ತದೆ. ACSP/G000 ಎಂದರೆ ಮುಂದಿನ ಬ್ಯಾಂಕಿಗೆ ದಾಟಿದೆ. ಯಾರಿಂದ ಯಾರಿಗೆ ಎಂದು ಕೇಳಿ. ACSP/G003 ಎಂದರೆ ಹಣ ಕೊನೆಯ ಬ್ಯಾಂಕಿನಲ್ಲೇ ಇದೆ, ಪಡೆಯುವವರ ದಾಖಲೆಗಾಗಿ ಕಾಯುತ್ತಿದ್ದಾರೆ. ನಮ್ಮಲ್ಲಿ ಅದು ಬಹಳ ಸಲ ಉದ್ದೇಶದ ಕೋಡ್. ಹಣ ಯಾತಕ್ಕೆ ಬಂತು ಎಂಬುದನ್ನು ರಿಸರ್ವ್ ಬ್ಯಾಂಕಿನ ಪಟ್ಟಿಯ ಕೋಡಿನಲ್ಲಿ ಹೇಳಬೇಕು, ಮಗ ಮನೆಯವರಿಗೆ ಕಳಿಸಿದ್ದಕ್ಕೆ P1301. ಬ್ಯಾಂಕಿನ ಇಮೇಲ್ ಹಳೆಯ ವಿಳಾಸಕ್ಕೆ ಹೋಗಿರುತ್ತದೆ, ಎಸ್‌ಎಂಎಸ್ ಬಂದ್ ಆದ ಸಿಮ್ಮಿಗೆ ಹೋಗಿರುತ್ತದೆ, ಇತ್ತ ಯಜಮಾನರು ಅಮೆರಿಕವನ್ನು ಬೈಯುತ್ತಿರುತ್ತಾರೆ. ACCC ಎಂದರೆ ಜಮೆಯಾಗಿದೆ. RJCT ಎಂದರೆ ತಿರಸ್ಕೃತ, ಶುಲ್ಕ ಮುರಿದು ಹಣ ವಾಪಸ್ ಹೋಗುತ್ತದೆ.

ನಡುದಾರಿಯಲ್ಲಿ ಸಿಕ್ಕಿಕೊಳ್ಳಲು ನಮ್ಮ ಭಾಗದಲ್ಲಿ ಎರಡು ಕಾರಣ ಹೆಚ್ಚು. ಒಂದು ಹೆಸರು. ಪಾಸ್‌ಬುಕ್ಕಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದು, ಮಗ ಅಡ್ಡಹೆಸರು ಬಿಟ್ಟು ಇನಿಶಿಯಲ್ ಹಾಕಿರುತ್ತಾನೆ. ಹಳೆಯ ಮಾದರಿಯಲ್ಲಂತೂ ಒಂದು ಸಾಲಿಗೆ 35 ಅಕ್ಷರ ಮಾತ್ರ. ಇನ್ನೊಂದು ಸತ್ತುಹೋದ ಕೋಡ್. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು, 2021ರ ಜುಲೈ 1ರಿಂದ ಅದರ ಹಳೆಯ ಕೋಡುಗಳು ನಿಂತವು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಟ್ರಂಕಿನೊಳಗಿನ ಹಳೆ ಪಾಸ್‌ಬುಕ್ ನೋಡಿ ಕೋಡ್ ಹೇಳಬೇಡಿ, ಐಎಫ್‌ಎಸ್‌ಸಿಯನ್ನು ಸ್ವಿಫ್ಟ್ ಕೋಡ್ ಎಂದೂ ಕೊಡಬೇಡಿ. ಯಾವ ಸ್ವಿಫ್ಟ್ ಕೋಡ್, ಯಾವ ನಾಸ್ಟ್ರೋ ಬ್ಯಾಂಕ್ ಎಂದು ನಿಮ್ಮ ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ತಪ್ಪು ಆಗಲೇ ಹೋಗಿದ್ದರೆ ತಿದ್ದುಪಡಿ ಕೋರಬೇಕಾದವನು ಕಳಿಸಿದವನು. ಮಧ್ಯವರ್ತಿ ಬ್ಯಾಂಕಿಗೆ ನೀವು ಗ್ರಾಹಕರೇ ಅಲ್ಲ, ನಿಮ್ಮ ಪತ್ರಕ್ಕೆ ಅದು ಉತ್ತರಿಸುವುದಿಲ್ಲ.

ಹಣ ಬಿಡಿಸಲು ಮೊದಲು ಹಣ ಕಟ್ಟಬೇಕು ಎಂಬುದನ್ನು ನಂಬಿ ಕೆಟ್ಟವರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕರೆ ಬರುತ್ತದೆ, "ಕ್ಲಿಯರೆನ್ಸ್ ಫೀ" ಕೇಳುತ್ತಾರೆ. ಮಧ್ಯವರ್ತಿ ಶುಲ್ಕ ಮೊತ್ತದೊಳಗೇ ಮುರಿದು ಹೋಗುತ್ತದೆ, ಪಡೆಯುವವರಿಂದ ಮುಂಗಡ ಕೇಳುವ ಪದ್ಧತಿಯೇ ಇಲ್ಲ. ಅಂಥ ಕರೆ ಬಂದರೆ 1930ಕ್ಕೆ ದೂರು ಕೊಡಿ. ಹಣ ನಮ್ಮ ಬ್ಯಾಂಕಿಗೆ ತಲುಪಿಯೂ ಖಾತೆಗೆ ಬಾರದಿದ್ದರೆ ಆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಆದರೆ ಅವರ ಕೈ ಇಲ್ಲಿಯ ಬ್ಯಾಂಕಿನವರೆಗೆ ಮಾತ್ರ. ನ್ಯೂಯಾರ್ಕ್‌ನಲ್ಲಿ ನಿಂತ ಡಾಲರಿಗೆ ಮಸ್ಕತ್ತಿನ ಬ್ಯಾಂಕನ್ನೇ ಕೇಳಬೇಕು.